ಮನೆ 90 ಲಕ್ಷದ್ದು, ಬೇಕಿರುವುದು 18 ಲಕ್ಷ: ಶಾಂತಾ ಮೇಡಂ ಜೊತೆ ಪ್ರಶ್ನೋತ್ತರ

ಮಂಜುನಾಥ್, ಮೈಸೂರು: ನಮಸ್ಕಾರ ಮೇಡಂ. ಅಮ್ಮನಿಗೆ ಮುಂದಿನ ತಿಂಗಳು ದೊಡ್ಡ ಆಪರೇಷನ್ ಇದೆ, 18 ಲಕ್ಷ ಹೊಂದಿಸಬೇಕು. ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ, 90 ಲಕ್ಷ ಬಾಳುತ್ತದೆ. ನಾಲ್ಕು ವಾರದಲ್ಲಿ ಮಾರಿದರೆ ಹಣ ಕೈಗೆ ಬರುತ್ತದಾ? ಅಪ್ಪ 2019ರಲ್ಲಿ ತೀರಿಕೊಂಡರು, ಮನೆಯ ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಅಕ್ಕ ಮೆಲ್ಬರ್ನ್‌ನಲ್ಲಿದ್ದಾಳೆ. ಮಹಡಿ ಮನೆಯನ್ನು 12 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದೇವೆ.

ಶಾಂತಾ (ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದು ನಿವೃತ್ತಿ): ಬರುವುದಿಲ್ಲ ಮಂಜುನಾಥ್. ಏಕೆಂದು ಹೇಳುತ್ತೇನೆ, ಮೊದಲು ಇಷ್ಟು ತಿಳಿಸಿ. ಅಪ್ಪ ವಿಲ್ ಬರೆದಿದ್ದರಾ? ಅಮ್ಮ ಈಗ ಓಡಾಡಿಕೊಂಡಿದ್ದಾರಾ, ಸಹಿ ಹಾಕುತ್ತಾರಾ? ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಏನಿದೆ? ಭೋಗ್ಯದ 12 ಲಕ್ಷ ಈಗ ಎಲ್ಲಿದೆ?

ಅನಿಲ್: ಮೇಡಂ, ಈಗ ಮನೆ ಕೊಳ್ಳುವುದು ಒಳ್ಳೆಯದಾ, ಬಾಡಿಗೆಗೆ ಇರುವುದು ಒಳ್ಳೆಯದಾ?

ಶಾಂತಾ: ಇಲ್ಲಿ ಮಾರುವ ಮಾತು ನಡೆಯುತ್ತಿದೆ. ಅದು ಬೇರೆ ದಿನ ಕೇಳಿ.

ಮಂಜುನಾಥ್: ವಿಲ್ ಇಲ್ಲ ಮೇಡಂ. ಅಮ್ಮ ಓಡಾಡುತ್ತಾರೆ, ಸಹಿ ಹಾಕುತ್ತಾರೆ. ಅವರೊಬ್ಬರ ಹೆಸರಲ್ಲೇ 6 ಲಕ್ಷದ ಎಫ್‌ಡಿ ಇದೆ, ನಾಮಿನಿ ನಾನು. ಭೋಗ್ಯದ ದುಡ್ಡು ಹಳೇ ಸಾಲಕ್ಕೆ ಹೋಯಿತು. ಒಬ್ಬ ಬ್ರೋಕರ್ 70 ಲಕ್ಷಕ್ಕೆ ಪಾರ್ಟಿ ರೆಡಿ ಇದ್ದಾರೆ, ಬೇಗ ಮುಗಿಸುತ್ತಾರೆ ಅನ್ನುತ್ತಿದ್ದಾನೆ. ನನ್ನ ಸಂಬಳ ತಿಂಗಳಿಗೆ 70 ಸಾವಿರ. ಅಮ್ಮನದು, ಹೆಂಡತಿಯದು ಚಿನ್ನ ಸ್ವಲ್ಪ ಇದೆ.

ಶಾಂತಾ: ಮೊದಲು ನಾಳೆ ಮಾಡಬೇಕಾದ ಕೆಲಸ. ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ. ಎಫ್‌ಡಿ ಅವರೊಬ್ಬರ ಹೆಸರಲ್ಲಿದೆ. ನಾಳೆ ಅವರು ಐಸಿಯುನಲ್ಲಿದ್ದರೆ ನೀವು ನಾಮಿನಿ ಎಂದು ತೋರಿಸಿದರೂ ಒಂದು ರೂಪಾಯಿ ಸಿಗುವುದಿಲ್ಲ. ಅವರು ಬದುಕಿರುವಾಗ ನಾಮಿನಿಗೆ ಯಾವ ಹಕ್ಕೂ ಇಲ್ಲ. ಎಫ್‌ಡಿಗೆ ನಿಮ್ಮ ಹೆಸರು ಸೇರಿಸಿದರಷ್ಟೇ ಸಾಲದು. ಇಬ್ಬರ ಹೆಸರಲ್ಲಿದ್ದರೂ ಅವಧಿಗೆ ಮುಂಚೆ ಮುರಿಸಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಕೇಳುತ್ತಾರೆ. ಆದ್ದರಿಂದ ಅಮ್ಮನೇ ಸಹಿ ಹಾಕಿ ಈಗಲೇ ಮುರಿಸಲಿ. ಹಣವನ್ನು ನಿಮ್ಮಿಬ್ಬರ ಜಂಟಿ ಎಸ್‌ಬಿ ಖಾತೆಗೆ ಹಾಕಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂದು ಬರೆಸಿ. ಬಡ್ಡಿಯಲ್ಲಿ ಅರ್ಧ ಪರ್ಸೆಂಟೋ ಒಂದೋ ಕಡಿಯುತ್ತಾರೆ, ಹೋಗಲಿ. ಬ್ಯಾಂಕಿನಲ್ಲಿರುವ ಹಣ ಕೈಗೆ ಬರಲು ಒಂದೇ ಸಹಿ ಸಾಕು, ಆದರೆ ಆ ಒಂದು ಸಹಿ ಬೇಕೇ ಬೇಕು.

ಇನ್ನು ಮನೆ. ವಿಲ್ ಇಲ್ಲ, ಅಪ್ಪನೇ ಕಟ್ಟಿಸಿದ್ದು. ಹಾಗಾಗಿ ಅದು ಅಮ್ಮ, ಅಕ್ಕ, ನೀವು ಮೂವರಿಗೂ ಸಮಪಾಲು. ಕ್ರಯಪತ್ರಕ್ಕೆ ಮೂರು ಸಹಿ ಬೇಕು. ಅದಕ್ಕೂ ಮುಂಚೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಬೇಕು, ಪಾಲಿಕೆಯಲ್ಲಿ ಖಾತೆಯನ್ನು ಮೂವರ ಹೆಸರಿಗೆ ವರ್ಗಾಯಿಸಬೇಕು, ಇ-ಖಾತಾ ಆಗಬೇಕು. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ಅಕ್ಕ ಬರಲಾಗದಿದ್ದರೆ ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ, ಅಂದರೆ ಜಿಪಿಎ, ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇವು ಒಂದರ ಹಿಂದೆ ಒಂದು ಆಗುವ ಕೆಲಸಗಳು, ಎಲ್ಲ ಸರಿಹೋದರೂ ತಿಂಗಳುಗಳೇ ಹಿಡಿಯುತ್ತವೆ. ಆಮೇಲೆ ಕೊಳ್ಳುವವರು ಸಾಲ ಮಾಡುವವರಾದರೆ ಅವರ ಬ್ಯಾಂಕಿನ ವಕೀಲರು ಮೂಲಪತ್ರದಿಂದ ಹಿಡಿದು ಆಸ್ತಿಯ ಮೇಲಿನ ಋಣಭಾರ ತೋರಿಸುವ ಇಸಿವರೆಗೆ ಓದಬೇಕು, ಬೆಲೆ ಕಟ್ಟುವವರು ಮನೆ ನೋಡಬೇಕು. ನಾನು ಆ ಮೇಜಿನ ಹಿಂದೆ ಕೂತಿದ್ದವಳು. ಒಂದು ಹಳೇ ಅಡಮಾನ ಇಸಿಯಲ್ಲಿ ಉಳಿದುಕೊಂಡಿದ್ದರೂ ಫೈಲು ವಾಪಸ್ ಹೋಗುತ್ತಿತ್ತು.

ಆ 70 ಲಕ್ಷದ ಪಾರ್ಟಿ ಇದನ್ನೆಲ್ಲ ತಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ನಿಮ್ಮ ಆತುರಕ್ಕೆ ಅವರು ಕಟ್ಟಿರುವ ಬೆಲೆ 20 ಲಕ್ಷ. ಲೆಕ್ಕ ಹಾಕಿ. 70ರಲ್ಲಿ ಭೋಗ್ಯದವರಿಗೆ 12 ವಾಪಸ್ ಕೊಡಬೇಕು, ಕೊಡದೆ ಅವರು ಮಹಡಿ ಬಿಡುವುದಿಲ್ಲ. ಬ್ರೋಕರ್‌ಗೆ ಒಂದು ಪರ್ಸೆಂಟ್ ಎಂದರೂ 70 ಸಾವಿರ. ಉಳಿಯುವುದು 57 ಲಕ್ಷ ಚಿಲ್ಲರೆ, ಅದರಲ್ಲಿ ಅಕ್ಕನ ಪಾಲೂ ಇದೆ. ನಿಮಗೆ ಬೇಕಿರುವುದು 18 ಮಾತ್ರ. ಆದರೆ ಮನೆಯಲ್ಲಿ 18 ಲಕ್ಷದಷ್ಟು ಭಾಗವನ್ನು ಕಿತ್ತು ಮಾರಲು ಆಗುವುದಿಲ್ಲ. ಬೆಲೆ ಇಳಿಸುವುದಾದರೆ ಇಡೀ ಮನೆಯ ಬೆಲೆ ಇಳಿಸಬೇಕು. ಎಫ್‌ಡಿಯಲ್ಲಿ ಬೇಗ ಬೇಕೆಂದರೆ ಬಡ್ಡಿಯಲ್ಲಿ ಸ್ವಲ್ಪ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ಮನೆಯಲ್ಲಿ ಅಸಲೇ ಹೋಗುತ್ತದೆ.

ಈಗ ಇನ್ನೊಂದು ದಾರಿ ನೋಡಿ. ಎಫ್‌ಡಿಯ 6 ಲಕ್ಷ. ಚಿನ್ನ ಅಡವಿಟ್ಟರೆ 7 ಲಕ್ಷ ಬರುತ್ತದೆ ಅಂದುಕೊಳ್ಳೋಣ, ತೂಕ ಹಾಕಿಸಿ ಖಚಿತ ಮಾಡಿಕೊಳ್ಳಿ. ಉಳಿದ 5 ಲಕ್ಷ ನಿಮ್ಮ ಸಂಬಳದ ಮೇಲೆ ಪರ್ಸನಲ್ ಲೋನ್. 14 ಪರ್ಸೆಂಟ್ ಆದರೂ ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು 17 ಸಾವಿರ. ಸಾಲದ 12 ಲಕ್ಷಕ್ಕೆ ಸರಾಸರಿ 12 ಪರ್ಸೆಂಟ್ ಹಿಡಿದರೂ ಒಂದು ವರ್ಷಕ್ಕೆ ಬಡ್ಡಿ ಒಂದೂವರೆ ಲಕ್ಷದ ಒಳಗೆ. ಎಲ್ಲಿಯ 20 ಲಕ್ಷ, ಎಲ್ಲಿಯ ಒಂದೂವರೆ ಲಕ್ಷ? ಆ ವರ್ಷದಲ್ಲಿ ಕಾಗದ ಪತ್ರ ಸರಿಮಾಡಿಕೊಳ್ಳಿ. ಮಾರಲೇಬೇಕು ಅನ್ನಿಸಿದರೆ ಆಗ 90 ಕೇಳಬಹುದು.

ಕಿರಣ್: ಮನೆ ಮೇಲೆ ಸಾಲ ತೆಗೆದರೆ ಆಗಲ್ವಾ? ಮಾರೋದು ಯಾಕೆ?

ಶಾಂತಾ: ಖಾತೆ ತೀರಿಕೊಂಡವರ ಹೆಸರಲ್ಲಿದ್ದರೆ ಯಾವ ಬ್ಯಾಂಕೂ ಅಡಮಾನ ಇಟ್ಟುಕೊಳ್ಳುವುದಿಲ್ಲ. ಅದಕ್ಕೂ ಮೂವರ ಸಹಿ ಬೇಕು.

ನಾಗರಾಜ್: ಫಾರ್ವರ್ಡ್ ಬಂದಿತ್ತು, ಉಪಯೋಗ ಆಗಬಹುದು: "ನೋಂದಣಿ ಬೇಡ, ಖಾತೆ ಬೇಡ! ಜಿಪಿಎ ಮತ್ತು ಕರಾರು ಪತ್ರ ಮಾಡಿಕೊಟ್ಟು ಒಂದೇ ದಿನದಲ್ಲಿ ಮನೆಯ ಪೂರ್ತಿ ಹಣ ನಗದಾಗಿ ಪಡೆಯಿರಿ."

ಶಾಂತಾ: ನಾಗರಾಜ್ ಅವರೇ, ಇದನ್ನು ದಯವಿಟ್ಟು ಅಳಿಸಿ. ಜಿಪಿಎ ಮೇಲೆ ಮಾಡಿದ ಮಾರಾಟದಿಂದ ಮಾಲೀಕತ್ವ ವರ್ಗ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮನೆ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಆಸ್ಪತ್ರೆ ಖರ್ಚಿಗೆ ಅಲೆಯುತ್ತಿರುವವರ ಕಣ್ಣಿಗೆ ಇಂಥದ್ದು ಬಿದ್ದರೆ ಏನಾಗುತ್ತದೆ, ಯೋಚಿಸಿ.

ನಾಗರಾಜ್: ನಾನು ಬರೆದಿದ್ದಲ್ಲ, ಬಂದಿದ್ದನ್ನು ಹಾಕಿದೆ ಅಷ್ಟೇ.

ಶಾಂತಾ: ಹಾಕುವ ಮುಂಚೆ ಒಂದು ಸಲ ಕೇಳಬಹುದಿತ್ತು.

ಗಿರೀಶ್, ಬೆಂಗಳೂರು: ಎಲ್ಲರೂ ಬ್ಯಾಂಕೇ ದೇವರು ಅನ್ನುವ ಹಾಗೆ ಮಾತಾಡುತ್ತೀರಿ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ನಮ್ಮ ಮಾವನ ದುಡ್ಡು ಸಿಕ್ಕಿಕೊಂಡಿತು. ಖಾತೆಯಿಂದ 35 ಸಾವಿರ ಮಾತ್ರ ತೆಗೆಯಬಹುದು ಎಂದು ಮಿತಿ ಹಾಕಿಬಿಟ್ಟರು. ಮನೆ ಆಗಿದ್ದರೆ ಕಣ್ಣಮುಂದೆ ಇರುತ್ತಿತ್ತು.

ಶಾಂತಾ: ನಿಮ್ಮ ಮಾತಿನಲ್ಲಿ ಅರ್ಧ ಸರಿ. ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದ ದಿನ ಠೇವಣಿಯೂ ಹೆಪ್ಪುಗಟ್ಟುತ್ತದೆ. ಆದ್ದರಿಂದ ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಸಣ್ಣ ಬ್ಯಾಂಕಿನಲ್ಲಿ ಇಡಬಾರದು. ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ. 2021ರ ತಿದ್ದುಪಡಿಯ ನಂತರ ಆ ಹಣ 90 ದಿನದೊಳಗೆ ಬರಬೇಕು. ಕಣ್ಣಮುಂದೆ ಇರುವ ಮನೆಯಿಂದ ಆಸ್ಪತ್ರೆ ಬಿಲ್ ಕಟ್ಟಲು ಆಗುವುದಿಲ್ಲ ಗಿರೀಶ್.

ಗಿರೀಶ್: ಮನೆ ಬೆಲೆ ಏರುತ್ತದೆ. ಎಸ್‌ಬಿಯಲ್ಲಿ ಏನು ಬರುತ್ತೆ?

ಶಾಂತಾ: ಏರಲಿ. ನಾನು ಮಾತಾಡುತ್ತಿರುವುದು ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದರ ಬಗ್ಗೆ.

ಪುಟ್ಟಸ್ವಾಮಿ, ಮಂಡ್ಯ: ನಮ್ಮದು ಪಂಚಾಯ್ತಿ ಸೈಟು ಮೇಡಂ, ಇ-ಸ್ವತ್ತು ಆಗಿಲ್ಲ. ಮಗಳ ಮದುವೆಗೆ ಮಾರಬೇಕು. ಎಷ್ಟು ದಿನ ಆಗಬಹುದು?

ಬಸವರಾಜ್: ಮಂಜುನಾಥ್ ಅವರೇ, ಅಕ್ಕನಿಗೆ ಮದುವೆ ಮಾಡಿ ಕಳಿಸಿದ್ದೀರಿ, ಆಸ್ಟ್ರೇಲಿಯಾದಲ್ಲಿ ಸುಖವಾಗಿದ್ದಾರೆ. ಸುಮ್ನೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಅವರಿಗೆ ಪಾಲು ಎಂದು ತಲೆಗೆ ಹಚ್ಚಿಕೊಳ್ಳುವುದು ಯಾಕೆ?

ಸವಿತಾ: "ಸುಮ್ನೆ" ಸಹಿ ಹಾಕಿಸಿಕೊಳ್ಳಬೇಕಾ? ಅದು ಅವಳಪ್ಪನ ಮನೆಯೂ ಹೌದು. ಆಪರೇಷನ್ ಅವಳ ಅಮ್ಮನಿಗೂ ಹೌದು. ಅವಳೇ ಹಣ ಹಾಕಬಹುದಲ್ವಾ ಎಂದು ಇಷ್ಟು ಜನರಲ್ಲಿ ಯಾರೂ ಕೇಳಲಿಲ್ಲ.

ಬಸವರಾಜ್: ನೀವು ಎಲ್ಲದಕ್ಕೂ ಹೆಣ್ಣು ಗಂಡು ತರುತ್ತೀರಿ.

ಸವಿತಾ: ತಂದವರು ನೀವು. ಮೇಲೆ ಓದಿ.

ಬಸವರಾಜ್: ವರದಕ್ಷಿಣೆ, ಒಡವೆ ಎಲ್ಲ ತೆಗೆದುಕೊಂಡು ಹೋದಮೇಲೂ ಪಾಲು ಕೇಳಿದರೆ ತಮ್ಮಂದಿರು ಏನು ಮಾಡಬೇಕು?

ಸವಿತಾ: ವರದಕ್ಷಿಣೆ ಕೊಟ್ಟಿದ್ದೇ ಅಪರಾಧ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಶಾಂತಾ: ಸವಿತಾ ಹೇಳಿದ್ದರಲ್ಲಿ ನಾನು ಬಿಟ್ಟಿದ್ದ ಮಾತೊಂದಿದೆ. ಮಂಜುನಾಥ್, ಅಕ್ಕನನ್ನು ಸಹಿಗೆ ಕೇಳುವ ಮುಂಚೆ ಹಣಕ್ಕೆ ಕೇಳಿ. ಅವರು ಕಳಿಸುವ 5 ಲಕ್ಷ ಆ ಪರ್ಸನಲ್ ಲೋನನ್ನೇ ಉಳಿಸುತ್ತದೆ. ಹಕ್ಕು ಬಿಟ್ಟರೆ ಶಾಶ್ವತವಾಗಿ ಬಿಟ್ಟಂತೆ, ಅದನ್ನು ಅವಸರದಲ್ಲಿ ಯಾರಿಂದಲೂ ಬರೆಸಿಕೊಳ್ಳಬೇಡಿ. ಮುಂದೆ ಅವರೂ ಸೇರಿ ಮಾರಿದರೆ, ಅವರು ಅನಿವಾಸಿಯಾದ್ದರಿಂದ ಅವರ ಪಾಲಿಗೆ ಕೊಳ್ಳುವವರು ಹಿಡಿಯುವ ಟಿಡಿಎಸ್ ನಿಮ್ಮ 1 ಪರ್ಸೆಂಟ್‌ಗಿಂತ ತುಂಬಾ ಜಾಸ್ತಿ. ಅದರಲ್ಲಿ ಹೆಚ್ಚಾಗಿ ಹಿಡಿದ ಹಣ ರಿಟರ್ನ್ಸ್ ಹಾಕಿ ವಾಪಸ್ ಪಡೆಯುವವರೆಗೂ ಕೈಗೆ ಸಿಗುವುದಿಲ್ಲ. ಬಸವರಾಜ್, ಸವಿತಾ, ಇನ್ನು ಸಾಕು.

ಕಿರಣ್: ಹಾಗಾದರೆ ಮೊದಲೇ ಖಾತೆ ಮಾಡಿಸಿಟ್ಟುಕೊಂಡಿದ್ದರೆ ಮನೆ ಮೇಲೆ ಸಾಲ ಎಷ್ಟು ದಿನಕ್ಕೆ ಸಿಗುತ್ತದೆ ಮೇಡಂ?

ಶಾಂತಾ: ಕಾಗದ ಎಲ್ಲ ಸರಿಯಿದ್ದರೂ ಮೂರ್ನಾಲ್ಕು ವಾರ ಇಟ್ಟುಕೊಳ್ಳಿ. ಕಂತು ಕಟ್ಟುವ ಆದಾಯವನ್ನೂ ತೋರಿಸಬೇಕು.

ಲಕ್ಷ್ಮೀನಾರಾಯಣ, ಶಿವಮೊಗ್ಗ: ನನಗೆ 71, ಪಿಂಚಣಿ ಸಾಲುವುದಿಲ್ಲ. ಮನೆಯಲ್ಲೇ ಇದ್ದುಕೊಂಡು ಅದರ ಮೇಲೆ ತಿಂಗಳಿಗಿಷ್ಟು ಎಂದು ಬ್ಯಾಂಕ್ ಕೊಡುವ ಯೋಜನೆ ಇದೆಯಂತೆ. ನಿಜವಾಗಿ ಕೊಡುತ್ತಾರಾ?

ಶ್ವೇತಾ: ಮೇಡಂ, ನಮ್ಮ ಮನೆ ಎರಡು ತಿಂಗಳಲ್ಲಿ ಮಾರಾಟ ಆಗುತ್ತಾ?

ಶಾಂತಾ: ಖಾತೆ ಯಾರ ಹೆಸರಲ್ಲಿದೆ, ಎಷ್ಟು ಜನ ವಾರಸುದಾರರು, ಒಳಗೆ ಯಾರಿದ್ದಾರೆ? ಇಷ್ಟು ಹೇಳದೆ ಕೇಳಬೇಡಿ. ಮೇಲೆ ಬರೆದಿರುವುದನ್ನು ಓದಿ.

ಮಂಜುನಾಥ್: ಮೇಡಂ, ಇವತ್ತು ಅಮ್ಮನ ಜೊತೆ ಹೋಗಿ ಎಫ್‌ಡಿ ಮುರಿಸಿ ಜಂಟಿ ಖಾತೆಗೆ ಹಾಕಿಸಿದೆ. ಅಕ್ಕನಿಗೆ ಫೋನ್ ಮಾಡಿದೆ, ಭಾವನ ಜೊತೆ ಮಾತಾಡಿ ಹೇಳುತ್ತೇನೆ ಅಂದಳು. ಅಷ್ಟರಲ್ಲಿ ಬ್ರೋಕರ್ ಫೋನ್ ಮಾಡಿದ. ಪಾರ್ಟಿ 74ಕ್ಕೆ ಬಂದಿದ್ದಾರೆ, ನಾನೊಬ್ಬನೇ ಕರಾರಿಗೆ ಸಹಿ ಹಾಕಿದರೂ ಇವತ್ತೇ 5 ಲಕ್ಷ ಅಡ್ವಾನ್ಸ್ ಅಂತೆ. ಅದನ್ನು ತೆಗೆದುಕೊಂಡು ಆಸ್ಪತ್ರೆಗೆ ಕಟ್ಟಿಬಿಡಲಾ?

ಶಾಂತಾ: ಬೇಡ. ಅಕ್ಕನೂ ಅಮ್ಮನೂ ಸಹಿ ಹಾಕದ ಕರಾರನ್ನು ನೀವೊಬ್ಬರೇ ಪೂರೈಸಲು ಆಗುವುದಿಲ್ಲ. ಆ 5 ಲಕ್ಷ ಆಸ್ಪತ್ರೆಯಲ್ಲಿ ಖರ್ಚಾಗಿರುತ್ತದೆ, ವಾಪಸ್ ಕೇಳಿದರೆ ಇರುವುದಿಲ್ಲ. ಅವರು ಕೋರ್ಟಿಗೆ ಹೋಗುತ್ತಾರೆ. ದಾವೆ ಇರುವ ಮನೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಬ್ಯಾಂಕೂ ಸಾಲ ಕೊಡುವುದಿಲ್ಲ. ಈಗ ತಿಂಗಳುಗಳಲ್ಲಿ ಮುಗಿಯುವ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಬ್ರೋಕರ್‌ಗೆ ಇಲ್ಲ ಎಂದು ಹೇಳಿ. ನಾಳೆ ಚಿನ್ನ ತೂಕ ಹಾಕಿಸಿ, ಎಷ್ಟು ಸಿಗುತ್ತದೆ ಎಂದು ಇಲ್ಲಿ ಬರೆಯಿರಿ. ಕಡಿಮೆ ಬಿದ್ದರೆ ಆಗ ಮುಂದಿನದು ನೋಡೋಣ.