ಸಿಎನ್‌ಜಿಗೆ ಬದಲಾಗಲು ತುಂಬಾ ತಡ, ವಂಟಮೂರಿ ಘಾಟ್‌ನಲ್ಲಿ ಮತ್ತೆ ಪೆಟ್ರೋಲ್‌ಗೆ ಹೋಗುತ್ತದೆ

ಟಿಳಕವಾಡಿ ಗಾಡಿ:
ನಮಸ್ಕಾರ. ನನ್ನದು ಪೆಟ್ರೋಲ್ ಕಾರು, ಆಮೇಲೆ ಹೊರಗಡೆ ಸೀಕ್ವೆನ್ಷಿಯಲ್ ಕಿಟ್ ಹಾಕಿಸಿದ್ದು. ಟಿಳಕವಾಡಿಯಿಂದ ಕೆಲಸದ ಜಾಗ ಸುಮಾರು 6 ಕಿ.ಮೀ. ಮೊದಲು ಮನೆ ಬಿಟ್ಟು ಸ್ವಲ್ಪ ದೂರ ಹೋಗುವುದರಲ್ಲೇ ಸಿಎನ್‌ಜಿಗೆ ಬರುತ್ತಿತ್ತು. ಈಗ ಬೆಳಿಗ್ಗೆ 4 ಕಿ.ಮೀ. ಪೆಟ್ರೋಲ್‌ನಲ್ಲೇ ಓಡುತ್ತದೆ. ಸಂಕೇಶ್ವರಕ್ಕೆ ಹೋಗುವಾಗ ವಂಟಮೂರಿ ಘಾಟ್ ಏರಿನಲ್ಲಿ ಬೀಪ್ ಹೊಡೆದು ತಾನೇ ಪೆಟ್ರೋಲ್‌ಗೆ ಹೋಗುತ್ತದೆ. ಆಗ ಸಿಲಿಂಡರ್‌ನಲ್ಲಿ ಗ್ಯಾಸ್ ಅರ್ಧಕ್ಕಿಂತ ಜಾಸ್ತಿ ಇರುತ್ತದೆ. ಒಬ್ಬ ಮಿಸ್ತ್ರಿ ಇಸಿಯು ಬದಲಿಸಬೇಕು ಅಂದರು. ಹೌದಾ?

ಗುಮ್ಮಟದೂರು:
ಚಳಿಗಾಲ ಅಲ್ವಾ, ಬೆಳಗಾವಿ ಚಳಿಗೆ ಅದು ಸಹಜ. ಎಂಜಿನ್ ಬಿಸಿಯಾಗುವ ತನಕ ಪೆಟ್ರೋಲ್‌ನಲ್ಲೇ ಓಡಬೇಕು. ನಮ್ಮ ವಿಜಯಪುರದ ಬಿಸಿಲಲ್ಲಿ ಈ ತೊಂದರೆಯೇ ಇಲ್ಲ. ಬೆಳಿಗ್ಗೆ ಗಾಡಿ ನಿಲ್ಲಿಸಿಕೊಂಡೇ ಹತ್ತು ನಿಮಿಷ ಎಂಜಿನ್ ಓಡಿಸಿ, ಆಮೇಲೆ ಹೊರಡಿ.

ಬಾಗಲಕೋಟೆ ಟ್ಯಾಕ್ಸಿ:
ನನ್ನದು ಟಾಟಾ ಐಸಿಎನ್‌ಜಿ. ನೇರ ಸಿಎನ್‌ಜಿಯಲ್ಲೇ ಸ್ಟಾರ್ಟ್ ಆಗುತ್ತದೆ. ನಿಮ್ಮದರಲ್ಲೂ ಸ್ವಿಚ್ ಒತ್ತಿ ಹಿಡಿದರೆ ಆಗಬೇಕಲ್ಲ?

ಕಿಟ್ ಮಿಸ್ತ್ರಿ, ಉದ್ಯಮಬಾಗ:
ಟ್ಯಾಕ್ಸಿ ಅಣ್ಣಾ, ನಿಮ್ಮದು ಕಂಪನಿಯಿಂದಲೇ ಹಾಗೆ ಮಾಡಿದ್ದು. ಹೊರಗಿನ ಕಿಟ್‌ನಲ್ಲಿ ಸುಮ್ನೆ ಸ್ವಿಚ್ ಒತ್ತಿ ದಿನಾ ತಣ್ಣನೆ ಸ್ಟಾರ್ಟ್ ಮಾಡಿದರೆ ರೆಡ್ಯೂಸರ್ ಹಾಳಾಗುತ್ತದೆ. ಪೆಟ್ರೋಲ್ ಪಂಪ್ ಕೆಟ್ಟಾಗ ಮಾತ್ರ ಆ ದಾರಿ.

ಗುಮ್ಮಟದೂರು ಸರ್ ಹೇಳಿದ ಚಳಿಯ ಮಾತು ಅರ್ಧ ಸರಿ. ಆದರೆ ನಿಂತಲ್ಲೇ ಎಂಜಿನ್ ಓಡಿಸಿದರೆ ಪೆಟ್ರೋಲ್ ಸುಡುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹೊರಟು ಮೆತ್ತಗೆ ಓಡಿಸಿದರೆ ಬೇಗ ಬಿಸಿಯಾಗುತ್ತದೆ.

ಈಗ ನಿಮ್ಮ ಗಾಡಿಗೆ ಬರೋಣ. ತುಂಬಿಸಿದಾಗ ಸಿಲಿಂಡರ್‌ನಲ್ಲಿ ಗ್ಯಾಸ್ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ರೆಡ್ಯೂಸರ್ ಅದನ್ನು 2 ಬಾರ್‌ನ ಆಸುಪಾಸಿಗೆ ಇಳಿಸುತ್ತದೆ. ಒತ್ತಡ ಹಾಗೆ ಇಳಿದಾಗ ಗ್ಯಾಸ್ ಬಹಳ ತಣ್ಣಗಾಗುತ್ತದೆ. ಅದಕ್ಕೇ ಎಂಜಿನ್‌ನ ಬಿಸಿ ಕೂಲೆಂಟನ್ನು ಎರಡು ರಬ್ಬರ್ ಪೈಪ್‌ಗಳಲ್ಲಿ ರೆಡ್ಯೂಸರ್ ಒಳಗೆ ಸುತ್ತಿಸುತ್ತಾರೆ. ಅದು ಸುಮಾರು 40 ಡಿಗ್ರಿಗೆ ಬರುವ ತನಕ ಇಸಿಯು ಸಿಎನ್‌ಜಿಗೆ ಬಿಡುವುದಿಲ್ಲ. ಈ ಅಂಕಿ ಕಿಟ್‌ನಿಂದ ಕಿಟ್‌ಗೆ ಬೇರೆ.

ನಿಮ್ಮ ಎರಡೂ ತೊಂದರೆಗೆ ಒಂದೇ ಕಾರಣ ಇರಬಹುದು. ಬೆಳಿಗ್ಗೆ ರೆಡ್ಯೂಸರ್ ಬೇಗ ಬಿಸಿಯಾಗುತ್ತಿಲ್ಲ. ಘಾಟ್‌ನಲ್ಲಿ ಜಾಸ್ತಿ ಗ್ಯಾಸ್ ಹರಿಯುವಾಗ ಅದು ಮತ್ತೆ ತಣ್ಣಗಾಗುತ್ತದೆ. ಇಸಿಯು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ಬದಲಿಸಬೇಡಿ.

ಹೀಗೆ ನೋಡಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ಮಟ್ಟ ನೋಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಆಮೇಲೆ ಗಾಡಿ ಓಡಿಸಿ ಬಂದು, ಎಂಜಿನ್ ಬಂದ್ ಮಾಡಿ, ರೆಡ್ಯೂಸರ್‌ನ ಎರಡು ಕೂಲೆಂಟ್ ಪೈಪ್‌ಗಳನ್ನು ಹುಷಾರಾಗಿ ಮುಟ್ಟಿ. ಎರಡೂ ಬಿಸಿ ಇರಬೇಕು. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಒಳಗೆ ಕೂಲೆಂಟ್ ಸುತ್ತುತ್ತಿಲ್ಲ. ಸ್ಟೀಲಿನ ಗ್ಯಾಸ್ ಪೈಪಿಗೆ ಮಾತ್ರ ಕೈ ಹಾಕಬೇಡಿ.

ಟಿಳಕವಾಡಿ ಗಾಡಿ:
ನೋಡಿದೆ ಸರ್. ಕೂಲೆಂಟ್ ಕಡಿಮೆ ಇತ್ತು. ಒಂದು ಪೈಪ್ ಸುಡುತ್ತಿತ್ತು, ಇನ್ನೊಂದು ಬರೀ ಬೆಚ್ಚಗೆ. ಹೀಟರ್ ಹಾಕಿದರೂ ಬಿಸಿ ಗಾಳಿ ಬರುತ್ತಿರಲಿಲ್ಲ.

ಕಿಟ್ ಮಿಸ್ತ್ರಿ, ಉದ್ಯಮಬಾಗ:
ಹೀಟರ್ ಮಾತು ಹೇಳಿದ್ದು ಒಳ್ಳೆಯದಾಯಿತು. ಬಹಳ ಕಿಟ್‌ಗಳಲ್ಲಿ ರೆಡ್ಯೂಸರ್‌ಗೆ ಹೀಟರ್ ಪೈಪಿನಿಂದಲೇ ಟೀ ಜಾಯಿಂಟ್ ಹಾಕಿ ಕೂಲೆಂಟ್ ಕೊಟ್ಟಿರುತ್ತಾರೆ. ಅಲ್ಲಿ ಗಾಳಿ ಕೂತಿದೆ. ಕೂಲೆಂಟ್ ತುಂಬಿಸಿ, ಹೀಟರ್ ಫುಲ್ ಇಟ್ಟು ಗಾಳಿ ತೆಗೆಸಿ. ಟೀ ಜಾಯಿಂಟಿನ ಸುತ್ತ ಒಣಗಿದ ಕಲೆ ಇದೆಯಾ ನೋಡಿ. ಕೂಲೆಂಟ್ ಎಲ್ಲೋ ಸೋರದೆ ಹೀಗೆ ಕಡಿಮೆಯಾಗುವುದಿಲ್ಲ.

ಟಿಳಕವಾಡಿ ಗಾಡಿ:
ಗಾಳಿ ತೆಗೆಸಿದೆ, ಟೀ ಕ್ಲಿಪ್ ಸಡಿಲ ಇತ್ತು, ಅದನ್ನೂ ಬದಲಿಸಿದೆ. ಈಗ ಒಂದೂವರೆ ಕಿ.ಮೀ.ಗೆ ಸಿಎನ್‌ಜಿಗೆ ಬರುತ್ತದೆ. ಲೆಕ್ಕ ಹಾಕಿದೆ: ಹೋಗಿ ಬರುವಾಗ ತಲಾ 4 ಕಿ.ಮೀ. ಅಂದರೆ ತಿಂಗಳ 25 ಕೆಲಸದ ದಿನಕ್ಕೆ 200 ಕಿ.ಮೀ. ಪೆಟ್ರೋಲ್‌ನಲ್ಲಿ. ಲೀಟರಿಗೆ 14 ಹಿಡಿದರೂ 14 ಲೀಟರ್ ಮೇಲೆ. ಈಗ 75 ಕಿ.ಮೀ., ಐದೂವರೆ ಲೀಟರಿಗಿಂತ ಕಡಿಮೆ. ಆದರೆ ಘಾಟ್‌ನಲ್ಲಿ ಒಮ್ಮೊಮ್ಮೆ ಈಗಲೂ ಬೀಪ್ ಬರುತ್ತದೆ.

ಗುಮ್ಮಟದೂರು:
ಹಾಗಾದರೆ ಪೆಟ್ರೋಲ್ ಟ್ಯಾಂಕ್ ಖಾಲಿಯೇ ಇಟ್ಟರೆ ಇನ್ನೂ ಉಳಿತಾಯ ಅಲ್ವಾ?

ಕಿಟ್ ಮಿಸ್ತ್ರಿ, ಉದ್ಯಮಬಾಗ:
ಬೇಡ ಸರ್. ಬಹಳ ಕಿಟ್‌ಗಳಲ್ಲಿ ಸಿಎನ್‌ಜಿಯಲ್ಲಿ ಓಡುವಾಗಲೂ ಟ್ಯಾಂಕಿನ ಪಂಪ್ ತಿರುಗುತ್ತಿರುತ್ತದೆ. ಅದನ್ನು ತಂಪಾಗಿ ಇಡುವುದೇ ಪೆಟ್ರೋಲ್. ಕಾಲು ಟ್ಯಾಂಕ್ ಇರಲಿ. ಉಳಿಸಬೇಕೆಂದರೆ ಸಂತೆ, ಬ್ಯಾಂಕ್ ಕೆಲಸ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಸಿ. ಎಂಜಿನ್ ತಣ್ಣಗಾಗಿ ಮತ್ತೆ ಸ್ಟಾರ್ಟ್ ಮಾಡಿದಾಗಲೆಲ್ಲ ಪೆಟ್ರೋಲ್ ಹೋಗುತ್ತದೆ.

ಟಿಳಕವಾಡಿ ಸರ್, ಸಿಎನ್‌ಜಿಯಲ್ಲಿ ಎಳೆತ ಸ್ವಲ್ಪ ಕಡಿಮೆ ಇರುತ್ತದೆ. ಏರು ಶುರುವಾಗುವ ಮೊದಲೇ ಒಂದು ಗೇರ್ ಇಳಿಸಿ. ಮೇಲಿನ ಗೇರಲ್ಲಿ ಕಾಲು ಪೂರ್ತಿ ಒತ್ತಿ ಎಳೆಸಬೇಡಿ. ಹಾಗೆ ಓಡಿಸಿದರೂ ಬೀಪ್ ಬಂದರೆ ರೆಡ್ಯೂಸರ್ ಆದಮೇಲೆ ಬರುವ ಗ್ಯಾಸ್ ಫಿಲ್ಟರ್ ಬದಲಿಸಿ. ಅದು ಕಟ್ಟಿಕೊಂಡರೆ ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಜೋರಾಗಿ ಎಳೆಯುವಾಗ ಮಾತ್ರ ಒತ್ತಡ ಬೀಳುತ್ತದೆ. ಕೊನೆಯ ಸಲ ಯಾವಾಗ ಬದಲಿಸಿದ್ದು?

ಟಿಳಕವಾಡಿ ಗಾಡಿ:
ಕಿಟ್ ಹಾಕಿಸಿದ ಮೇಲೆ ಬದಲಿಸಿಯೇ ಇಲ್ಲ.

ಕಿಟ್ ಮಿಸ್ತ್ರಿ, ಉದ್ಯಮಬಾಗ:
ಮೊದಲು ಅದನ್ನು ಮಾಡಿಸಿ. ಆಮೇಲೂ ಬಂದರೆ ರೆಡ್ಯೂಸರ್ ಡಯಾಫ್ರಾಮ್ ಇರಬಹುದು. ಅದನ್ನು ಇಲ್ಲಿಂದ ಹೇಳಲಾಗದು. ಲ್ಯಾಪ್‌ಟಾಪ್ ಹಚ್ಚಿ, ಘಾಟ್ ಏರುತ್ತಲೇ ಗ್ಯಾಸ್ ಒತ್ತಡ ಮತ್ತು ಉಷ್ಣಾಂಶ ಎರಡನ್ನೂ ನೋಡಬೇಕು. ಬೀಪ್ ಬರುವ ಹೊತ್ತಿಗೆ ಯಾವುದು ಮೊದಲು ಬೀಳುತ್ತದೆ ಎಂದು ಬರೆದುಕೊಂಡು ಇಲ್ಲಿ ಹಾಕಿ.