ಹನ್ನೊಂದು ವಾರದ ಬೆಕ್ಕಿನ ಮರಿ, ಲಸಿಕೆಗೆ ಎಂಟು ಗಂಟೆ ಉಪವಾಸ ಇಡಬೇಕಾ?

ಹೊಸ ಬೆಕ್ಕು ಹೊಸ ಮನೆ: ಕ್ಲಿನಿಕ್‌ನಿಂದ ಮೆಸೇಜ್ ಬಂದಿದೆ. "ನಿಮ್ಮ ಬೆಕ್ಕಿನ ಲಸಿಕೆ ಶನಿವಾರ ಬೆಳಿಗ್ಗೆ 11ಕ್ಕೆ. 8 ಗಂಟೆ ಖಾಲಿ ಹೊಟ್ಟೆ. ಕ್ಯಾರಿಯರ್ ಕಡ್ಡಾಯ. ಪುಸ್ತಕ ತನ್ನಿ." ಇದು ಟ್ರೈಕ್ಯಾಟ್ ಲಸಿಕೆಯ ಎರಡನೇ ಡೋಸ್. ಮರಿ ರಾತ್ರಿಯೆಲ್ಲಾ ಎದ್ದು ತಿನ್ನುತ್ತದೆ. ಕ್ಯಾರಿಯರ್ ಬದಲು ಜಿಪ್ ಚೀಲ ಸಾಕಾ? ಅನುಭವ ಇದ್ದವರು ಹೇಳಿ.

ವಿಜಯನಗರ ಬೆಕ್ಕಮ್ಮ: ಜಿಪ್ ಚೀಲ ಮಾತ್ರ ಬೇಡ. ನಮ್ಮ ಮೈದುನ ನಾನು ಬೇಡ ಅಂದರೂ ಕೇಳದೆ ಚೀಲದಲ್ಲೇ ಆಟೋ ಹತ್ತಿಸಿದರು. ಸಿಗ್ನಲ್‌ನಲ್ಲಿ ಬಸ್ ಹಾರ್ನ್ ಹೊಡೆದಿದ್ದೇ ತಡ, ಜಿಪ್‌ನ ಮೂಲೆಗೆ ಉಗುರು ಹಾಕಿ ತಲೆ ತೂರಿಸಿ ಹಾರಿಬಿಟ್ಟಿತು. ಚರಂಡಿ ಕಲ್ಲಿನ ಕೆಳಗೆ ಹೋಗಿ ಕೂತದ್ದು ಕತ್ತಲಾಗಿ ಗಾಡಿ ಸದ್ದು ಕಡಿಮೆ ಆಗುವವರೆಗೂ ಹೊರಗೆ ಬರಲಿಲ್ಲ. ಆಟೋದವರಿಗೆ ವೇಟಿಂಗ್ 300, ಕಲ್ಲು ಎತ್ತಿಕೊಟ್ಟ ಹುಡುಗರಿಗೆ 500, ಕಿವಿ ಹರಿದದ್ದಕ್ಕೆ ಡ್ರೆಸ್ಸಿಂಗ್, ಆಂಟಿಬಯೋಟಿಕ್ ಸೇರಿ 1,400. ಲಸಿಕೆಯೂ ಅವತ್ತು ಆಗಲಿಲ್ಲ. ಮಾರನೇ ದಿನವೇ ಮೇಲ್ಗಡೆ ಬಾಗಿಲು ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತಂದೆ, 1,850. ಅದೇ ದುಡ್ಡು ಮೊದಲೇ ಕೊಟ್ಟಿದ್ದರೆ ಆಗುತ್ತಿತ್ತು, ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಉಪವಾಸದ ವಿಷಯ ಬೇರೆಯವರು ಹೇಳಲಿ.

ಹಾಸನದ ಹುಡುಗ: ಖಾಲಿ ಹೊಟ್ಟೆ ಬೇಕೇ ಬೇಕು. ನಮ್ಮ ಲ್ಯಾಬ್ರಡಾರ್ ನಾಯಿಗೆ ಮೊದಲ ವರ್ಷ ಇಡ್ಲಿ ತಿನ್ನಿಸಿ ಕಾರಿನಲ್ಲಿ ಕರೆದುಕೊಂಡು ಹೋದೆವು. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಸೀಟ್ ಪೂರ್ತಿ ವಾಂತಿ. ಸೀಟ್ ಕವರ್ ಬಿಚ್ಚಿ ವಾಷಿಂಗ್ ಮಾಡಿಸಲು 2,200 ಆಯಿತು, ವಾಸನೆ ಆಮೇಲೂ ಹೋಗಲಿಲ್ಲ. ಈಗ ಹಿಂದಿನ ರಾತ್ರಿಯಿಂದ ಊಟ, ನೀರು ಎರಡೂ ಬಂದ್. ಹೊಟ್ಟೆ ತುಂಬಿದ್ದರೆ ಲಸಿಕೆ ಸರಿಯಾಗಿ ಹತ್ತುವುದೂ ಇಲ್ಲ. ಸಂತಾನಹರಣದ ದಿನ ಡಾಕ್ಟರೇ ಹೀಗೆ ಹೇಳಿದ್ದರು.

ನಿವೃತ್ತ ಪರಿವೀಕ್ಷಕ: ದಯವಿಟ್ಟು ಮರಿಗೆ ನೀರು ನಿಲ್ಲಿಸಬೇಡಿ. ಎಂಟು ಗಂಟೆ ಹಸಿವಿನಲ್ಲೂ ಇಡಬೇಡಿ. ಆಪರೇಷನ್ ದಿನ ಉಪವಾಸ ಇಡಿಸುವುದು ಅರಿವಳಿಕೆಗೋಸ್ಕರ. ಮಂಪರಿನಲ್ಲಿ ವಾಂತಿ ಆದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಲಸಿಕೆ ಹಾಕುವುದು ಚರ್ಮದ ಕೆಳಗೆ. ಹೊಟ್ಟೆ ತುಂಬಿದ್ದರೂ ಖಾಲಿ ಇದ್ದರೂ ಅದರ ಕೆಲಸದಲ್ಲಿ ವ್ಯತ್ಯಾಸ ಆಗುವುದಿಲ್ಲ.

ಹನ್ನೊಂದು ವಾರದ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ತೀರಾ ಕಡಿಮೆ. ರಾತ್ರಿ ಪೂರ್ತಿ ಹಸಿದಿದ್ದು, ಮೇಲೆ ಪ್ರಯಾಣದ ಭಯವೂ ಸೇರಿದರೆ ಸಕ್ಕರೆ ಅಂಶ ಇಳಿಯಬಹುದು. ಮೊದಲು ಮಂಕಾಗುತ್ತದೆ, ಕಿವಿ ಪಾದ ತಣ್ಣಗಾಗುತ್ತವೆ, ನಡೆದರೆ ತೂರಾಡುತ್ತದೆ. ಹಾಗೆ ಕಂಡರೆ ಸ್ವಲ್ಪ ಜೇನುತುಪ್ಪ ಅಥವಾ ಸಕ್ಕರೆ ನೀರನ್ನು ಬೆರಳಲ್ಲಿ ಒಸಡಿಗೆ ಸವರಿ ಆಸ್ಪತ್ರೆಗೆ ಓಡಬೇಕು. ಬಾಯಿಗೆ ಸುರಿಯಬಾರದು. 11ಕ್ಕೆ ಹೋಗುವುದಾದರೆ 8 ಗಂಟೆಗೆ ಎಂದಿನ ಊಟದ ಅರ್ಧ ಕೊಡಿ. ವಾಂತಿ ತಪ್ಪಿಸಲು ಅಷ್ಟು ಸಾಕು, ಹಾಸನದವರು ಪ್ರಯಾಣದ ವಾಂತಿ ಬಗ್ಗೆ ಹೇಳಿದ್ದು ನಿಜವೇ. ಆದರೂ ಒಂದು ಫೋನ್ ಮಾಡಿ. "ಬರೀ ಲಸಿಕೆನಾ, ರಕ್ತ ಪರೀಕ್ಷೆ ಅಥವಾ ಮಂಪರಿನ ಇಂಜೆಕ್ಷನ್ ಏನಾದರೂ ಇದೆಯಾ" ಎಂದು ಕೇಳಿ. ಅಂಥದ್ದಿದ್ದರೆ ಅವರು ಹೇಳಿದ ಲೆಕ್ಕವೇ ಸರಿ, ಮರಿಯ ವಯಸ್ಸನ್ನು ಮಾತ್ರ ಅವರಿಗೆ ನೆನಪಿಸಿ.

ಹಾಸನದ ಹುಡುಗ: ನೀವು ಡಾಕ್ಟರಾ ಸಾರ್? ಪರಿವೀಕ್ಷಕರು ಡಾಕ್ಟರ್ ಮಾತಿಗೆ ಎದುರು ಹೇಳುವುದು ಎಷ್ಟು ಸರಿ? ನಮ್ಮ ನಾಯಿಗೆ ಒಂಬತ್ತು ವರ್ಷ, ಏನೂ ಆಗಿಲ್ಲ.

ನಿವೃತ್ತ ಪರಿವೀಕ್ಷಕ: ಡಾಕ್ಟರ್ ಅಲ್ಲ. ಅದಕ್ಕೇ ಫೋನ್ ಮಾಡಿ ಅಂದೆ. ನಿಮ್ಮದು ಮೂವತ್ತು ಕೆಜಿ ದೊಡ್ಡ ನಾಯಿ, ಇವರದ್ದು ಒಂದು ಕೆಜಿ ಮರಿ. ಎರಡಕ್ಕೂ ಒಂದೇ ಲೆಕ್ಕ ಹಾಕಲು ಆಗುವುದಿಲ್ಲ.

ಧಾರವಾಡದ ಅಕ್ಕ: ಉಪವಾಸದ್ದು ಬಿಡ್ರೀ, ಮೊದಲು ಲಸಿಕೆ ಎಲ್ಲಿಂದ ತೆಗೀತಾರೆ ನೋಡಿ. ಒಂದು ಖಾಸಗಿ ಕಡೆ ನಮಗೆ ಮೇಜಿನ ಡ್ರಾದಿಂದ ಸೀಸೆ ತೆಗೆದು ಚುಚ್ಚಿದರು. ಫ್ರಿಜ್ ಇಲ್ಲ, ಐಸ್ ಇಲ್ಲ, ಪುಸ್ತಕಕ್ಕೆ ಸ್ಟಿಕರ್ ಕೂಡ ಹಚ್ಚಲಿಲ್ಲ. ಲಸಿಕೆ 900, ಫೀ 400, "ಹ್ಯಾಂಡ್ಲಿಂಗ್" ಅಂತ 150. ಬೇರೆ ಡಾಕ್ಟರು ಪುಸ್ತಕ ನೋಡಿ "ಇದನ್ನು ಲೆಕ್ಕಕ್ಕೆ ಹಿಡಿಯಲು ಆಗಲ್ಲ" ಅಂದರು. ಮತ್ತೆ ಹಾಕಿಸಿದೆ, ಅಷ್ಟೂ ದುಡ್ಡು ದಂಡ. ಇನ್ನು ಡಬ್ಬಿಗೆ 1,850 ಯಾಕೆ? ಮುಚ್ಚಳ ಇರುವ ಬಿದಿರಿನ ಬುಟ್ಟಿ, ಮೇಲೆ ಸುತ್ತ ಹಗ್ಗ. ನಮ್ಮ ಬೆಕ್ಕು ಅದರಲ್ಲೇ ಬರುತ್ತದೆ.

ವಿಜಯನಗರ ಬೆಕ್ಕಮ್ಮ: ನಿಮ್ಮ ಊರಿನ ರಸ್ತೆಗೆ ಬುಟ್ಟಿ ಸರಿ ಇರಬಹುದು. ಇಲ್ಲಿ ಮೂರು ನಾಯಿ ಬೊಗಳುವ ವೇಟಿಂಗ್ ಹಾಲ್‌ನಲ್ಲಿ ಹಗ್ಗ ಬಿಚ್ಚಿಕೊಂಡರೆ ಯಾರು ಹಿಡಿಯುತ್ತಾರೆ? ನನ್ನ ಬೆಕ್ಕು ಕಣ್ಣೆದುರೇ ಓಡಿಹೋಗಿದೆ, ಆ ಸಂಕಟ ನನಗೆ ಗೊತ್ತು.

ಧಾರವಾಡದ ಅಕ್ಕ: ದುಡ್ಡಿಲ್ಲದವರು ಬೆಕ್ಕೇ ಸಾಕಬಾರದಾ ಹಾಗಾದರೆ?

ವಿಜಯನಗರ ಬೆಕ್ಕಮ್ಮ: ನಾನು ಹಾಗೆ ಎಲ್ಲಿ ಹೇಳಿದೆ? ಓದಿ ಮಾತಾಡಿ.

ನಿವೃತ್ತ ಪರಿವೀಕ್ಷಕ: ಅಮ್ಮಂದಿರೇ, ಡಬ್ಬಿಯೋ ಬುಟ್ಟಿಯೋ, ಭದ್ರವಾಗಿ ಮುಚ್ಚಬೇಕು, ಮೇಲಿನಿಂದ ತೆಗೆಯುವಂತಿರಬೇಕು. ಮುಂದಿನ ಬಾಗಿಲಿಂದ ಎಳೆದರೆ ಮರಿ ಉಗುರು ಊರಿ ಕೂರುತ್ತದೆ. ಮೇಲ್ಭಾಗ ಕಳಚಿದರೆ ಕೆಳಗಿನ ತಟ್ಟೆಯಲ್ಲಿ ಕೂತ ಹಾಗೇ ಚುಚ್ಚಿಬಿಡಬಹುದು. ಶನಿವಾರದವರೆಗೆ ಅದನ್ನು ಹಾಲ್‌ನಲ್ಲೇ ತೆರೆದಿಡಿ. ಒಳಗೆ ಮರಿ ಮಲಗಿದ್ದ ಬಟ್ಟೆ ಹಾಸಿ, ದಿನದ ಊಟವನ್ನೂ ಅಲ್ಲೇ ಇಡಿ. ಹೊರಡುವಾಗ ತೆಗೆದರೆ ಮರಿ ಮಂಚದ ಕೆಳಗೆ ಸೇರಿಬಿಡುತ್ತದೆ. ಕಾರಿನಲ್ಲಾದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಇಟ್ಟು, ಗಾಳಿಗೆ ಜಾಗ ಬಿಟ್ಟು ಟವೆಲ್ ಹೊದಿಸಿ. ವೇಟಿಂಗ್ ಹಾಲ್‌ನಲ್ಲಿ ನೆಲಕ್ಕೆ ಇಡಬೇಡಿ. ನಾಯಿ ಮೂಗು ಬಂದು ತಾಗುತ್ತದೆ.

ಇನ್ನೊಂದು ಮಾತು. ಈ ಎರಡನೆಯದು ಕೊನೆಯದಲ್ಲ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಪೂರ್ತಿ ಹತ್ತದೇ ಇರಬಹುದು. ಹದಿನಾರು ವಾರ ತುಂಬಿದ ಮೇಲೆ ಒಂದು ಡೋಸ್ ಇರಲೇಬೇಕು. ರೇಬೀಸ್ ಹನ್ನೆರಡು ವಾರದಿಂದ. ಡಾಕ್ಟರ ಹತ್ತಿರ ದಿನಾಂಕ ಬರೆಸಿಕೊಳ್ಳಿ.

ಹೊಸ ಬೆಕ್ಕು ಹೊಸ ಮನೆ: ಫೋನ್ ಮಾಡಿದೆ. ರಿಸೆಪ್ಷನ್‌ನವರು ಹೇಳಿದ್ದು, ಆಪರೇಷನ್‌ಗೆ, ಲಸಿಕೆಗೆ, ಎಲ್ಲದಕ್ಕೂ ಒಂದೇ ಮೆಸೇಜ್ ಹೋಗುತ್ತದಂತೆ. ಡಾಕ್ಟರನ್ನು ಕೇಳಿ, ಬರೀ ಲಸಿಕೆ, 8ಕ್ಕೆ ಸ್ವಲ್ಪ ಊಟ ಕೊಡಿ ಅಂದರು. ಡಬ್ಬಿ ಪಕ್ಕದ ಮನೆಯವರದ್ದು ಸಿಕ್ಕಿತು, ಆದರೆ ಅವರ ನಾಯಿ ವಾಸನೆ ಇದೆ. ಜಂತುಹುಳು ಔಷಧಿಯನ್ನೂ ಅದೇ ದಿನ ಕೊಡುತ್ತಾರಂತೆ, ಪರವಾಗಿಲ್ವಾ?

ಧಾರವಾಡದ ಅಕ್ಕ: ಬೇಡ. ವಾರ ಮೊದಲೇ ಕೊಡಬೇಕಿತ್ತು. ನಮಗೆ ಅದೇ ದಿನ ಕೊಟ್ಟು ಎರಡು ದಿನ ಭೇದಿ. ಯಾವುದರಿಂದ ಅಂತ ಗೊತ್ತೇ ಆಗಲಿಲ್ಲ.

ನಿವೃತ್ತ ಪರಿವೀಕ್ಷಕ: ಒಂದೇ ದಿನ ಕೊಡುವ ಡಾಕ್ಟರೂ ಇದ್ದಾರೆ, ಕೆಲವು ದಿನ ಬಿಟ್ಟು ಕೊಡುವವರೂ ಇದ್ದಾರೆ. ಮರಿಗೆ ಭೇದಿ ಇಲ್ಲ, ಚೆನ್ನಾಗಿ ತಿನ್ನುತ್ತಿದೆ ಅಂದರೆ ನಾನು ಹೆದರುವುದಿಲ್ಲ. ಜ್ವರ, ಸೀನು, ಭೇದಿ ಏನಾದರೂ ಇದ್ದರೆ ಲಸಿಕೆಯನ್ನೇ ಮುಂದಕ್ಕೆ ಹಾಕಿಸಿ. ಡಬ್ಬಿಯನ್ನು ಸೋಪು ನೀರಲ್ಲಿ ತೊಳೆದು ಬಿಸಿಲಿಗಿಡಿ. ಫಿನೈಲ್ ಬೇಡ, ಬೆಕ್ಕಿಗೆ ವಿಷ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮುಖ ಊದಿದರೆ, ಮತ್ತೆ ಮತ್ತೆ ವಾಂತಿ ಆದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಒಂದು ದಿನ ಮಂಕಾಗಿ ಮಲಗುವುದು ಸಹಜ.

ಹಾಸನದ ಹುಡುಗ: ನಾನಂತೂ ನನ್ನ ನಾಯಿಗೆ ರಾತ್ರಿಯಿಂದ ಏನೂ ಕೊಡುವುದಿಲ್ಲ. ನೀರು ಬೇಕಾದರೆ ಕೊಡುತ್ತೇನೆ.

ವಿಜಯನಗರ ಬೆಕ್ಕಮ್ಮ: ಪಕ್ಕದ ಮನೆ ಡಬ್ಬಿಯ ಬಾಗಿಲ ಕೊಂಡಿ ಸರಿ ಇದೆಯಾ ನೋಡಿಕೊಳ್ಳಿ. ಒಂದು ಸಲ ಜೋರಾಗಿ ಎಳೆದು ನೋಡಿ.