ನ್ಯೂಯಾರ್ಕ್ ಮುಚ್ಚಿ ಟೋಕಿಯೊ ತೆರೆಯೋ ತನಕ ಡಾಲರ್ ಯಾರ ಕೈಯಲ್ಲಿ?

ಜೀನ್ಸ್_ಬಳ್ಳಾರಿ: ಕರೆನ್ಸಿ ಮಾರ್ಕೆಟ್ 24 ಗಂಟೆ ಅಂತಾರೆ. ನ್ಯೂಯಾರ್ಕ್‌ನವರು ಮನೆಗೆ ಹೋದ ಮೇಲೆ, ಟೋಕಿಯೊದವರು ಬರೋ ತನಕ ಯಾರು ನಡೆಸ್ತಾರೆ?

ಗಂಗಾವತಿ_ಅಕ್ಕಿ: ಯಾರೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಸಂಜೆ 5 ಅಂದ್ರೆ ನಮಗೆ ರಾತ್ರಿ 2:30, ಟೋಕಿಯೊ ಶುರು ಬೆಳಿಗ್ಗೆ 5:30ಕ್ಕೆ. ನಡುವೆ ಬಂದ್.

ಹಳೇ_ಡೀಲರ್_ರಾಯಚೂರು: ಅರ್ಧ ಸರಿ. 2:30 ಬೇಸಿಗೆಯ ಲೆಕ್ಕ. ಅಮೆರಿಕದವರು ಗಡಿಯಾರ ಬದಲಿಸುತ್ತಾರೆ, ನಾವೂ ಜಪಾನಿನವರೂ ಬದಲಿಸಲ್ಲ, ಅದಕ್ಕೆ ಚಳಿಗಾಲದಲ್ಲಿ 3:30 ಆಗುತ್ತೆ. ನ್ಯೂಯಾರ್ಕ್‌ನ ಸಂಜೆ 5ಕ್ಕೆ ಬದಲಾಗೋದು ಲೆಕ್ಕದ ತಾರೀಖು ಮಾತ್ರ, ವಾರದ ನಡುವೆ ವ್ಯವಹಾರ ನಿಲ್ಲಲ್ಲ. ವೆಲಿಂಗ್ಟನ್, ಸಿಡ್ನಿಯವರು ಕೂತಿರುತ್ತಾರೆ. ದೊಡ್ಡ ಬ್ಯಾಂಕುಗಳಲ್ಲಿ ಬಾಕಿ ಆರ್ಡರ್‌ಗಳನ್ನು ಲಂಡನ್‌ನವರು ನ್ಯೂಯಾರ್ಕ್‌ಗೆ, ಅವರು ಏಷ್ಯಾದವರಿಗೆ ದಾಟಿಸಿ ಹೋಗುತ್ತಾರೆ. ಆದರೆ ಆ ಹೊತ್ತಲ್ಲಿ ಕೊಳ್ಳೋರು ಮಾರೋರು ಕಡಿಮೆ.

2016ರ ಅಕ್ಟೋಬರ್ 7 ನೋಡಿ. ನಮ್ಮ ಲೆಕ್ಕಕ್ಕೆ ಬೆಳಗಿನ ಜಾವ 4:37ರ ಸುಮಾರು. ಪೌಂಡ್ 1.26 ಡಾಲರ್ ಇದ್ದಿದ್ದು ಕೆಲವೇ ನಿಮಿಷದಲ್ಲಿ ಸುಮಾರು 9% ಬಿದ್ದು, ಆಮೇಲೆ ಬಹುಪಾಲು ಮೇಲೆ ಬಂತು. ಮಾರೋ ಆರ್ಡರ್‌ಗಳು ಒಮ್ಮೆಲೇ ಬಂದವು, ಎದುರಿಗೆ ಕೊಳ್ಳೋರಿಲ್ಲ. ಶಿಕಾಗೊದ ಫ್ಯೂಚರ್ಸ್ ಪೇಟೆ ನಿಯಮದಂತೆ ಸ್ವಲ್ಪ ಹೊತ್ತು ನಿಂತಿತು. ಅದರ ಬೆಲೆ ನೋಡಿ ದರ ಹೇಳುತ್ತಿದ್ದ ಯಂತ್ರಗಳು ಹಿಂದೆ ಸರಿದವು. ಬೆಲೆ ಇನ್ನೂ ಜಾರಿತು.

ಗಂಗಾವತಿ_ಅಕ್ಕಿ: ಆಗ ಸಿಡ್ನಿ ತೆರೆದಿತ್ತಲ್ವಾ ಸರ್?

ಹಳೇ_ಡೀಲರ್_ರಾಯಚೂರು: ತೆರೆದಿತ್ತು. ಬಾಗಿಲು ತೆಗೆದಿದ್ದರೆ ಸಂತೆ ತುಂಬಿದೆ ಅಂತಲ್ಲ.

ಕೊಪ್ಪಳ_ಹುಡುಗ: ನನ್ನ ಕಥೆಯೂ ಇದೇ ಅನ್ಸುತ್ತೆ. ಒಂದು ಆ್ಯಪ್‌ನಲ್ಲಿ ಯೂರೋವನ್ನು 1.1000 ಡಾಲರ್‌ಗೆ ಮಾರಿದ್ದೆ, ಬೆಲೆ 1.1020 ಮುಟ್ಟಿದರೆ ತಾನಾಗಿ ವಾಪಸ್ ಕೊಂಡು ಮುಗಿಸೋ ಸ್ಟಾಪ್ ಹಾಕಿದ್ದೆ. ರಾತ್ರಿ ಮೂರರ ಹೊತ್ತಿಗೆ ಸ್ಟಾಪ್ ಬಿತ್ತು, ಚಾರ್ಟ್‌ನಲ್ಲಿ ಮಾತ್ರ ಬೆಲೆ 1.1010 ದಾಟಿಯೇ ಇಲ್ಲ! ಮೋಸ ತಾನೇ?

ಹಳೇ_ಡೀಲರ್_ರಾಯಚೂರು: ಮೋಸ ಇರಬಹುದು, ಇಲ್ಲದೇನೂ ಇರಬಹುದು ತಮ್ಮಾ. ಚಾರ್ಟ್ ಸಾಮಾನ್ಯವಾಗಿ ತೋರಿಸೋದು ನೀನು ಮಾರಿದರೆ ಸಿಗೋ ಬೆಲೆ. ನೀನು ಮೊದಲೇ ಮಾರಿದ್ದೀಯ, ಮುಗಿಸೋಕೆ ಕೊಳ್ಳಬೇಕು. ಕೊಳ್ಳೋ ಬೆಲೆ ಮೇಲಿರುತ್ತೆ. ಹಗಲಲ್ಲಿ ನಡುವಿನ ಅಂತರ ಒಂದೆರಡು ಪಿಪ್, ಒಂದು ಪಿಪ್ ಅಂದ್ರೆ 0.0001. ಆ ಹೊತ್ತಲ್ಲಿ 12 ಆದರೂ 1.1010 ಹೋಗಿ 1.1022. ಕೊಳ್ಳೋ ಬೆಲೆಯ ದಾಖಲೆ ಕೇಳು. ಅದಕ್ಕಿಂತ ಮೊದಲು ಆ ಆ್ಯಪ್ ರಿಸರ್ವ್ ಬ್ಯಾಂಕಿನ ಎಚ್ಚರಿಕೆ ಪಟ್ಟಿಯಲ್ಲಿದೆಯಾ ನೋಡು. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲೂ ಅಲ್ಲ.

ಜೀನ್ಸ್_ಬಳ್ಳಾರಿ: ನಂದು ಸಾದಾ ಬಿಲ್, ಡಾಲರ್ ಬರುತ್ತೆ, ರೂಪಾಯಿ ಬೇಕು. ನಮ್ಮ ಪೇಟೆ ಮಧ್ಯಾಹ್ನ 3:30ಕ್ಕೆ ಮುಚ್ಚಿದ ಮೇಲೂ ಮೊಬೈಲ್‌ನಲ್ಲಿ ರೂಪಾಯಿ ದರ ಓಡಾಡುತ್ತಲ್ಲ?

ಹಳೇ_ಡೀಲರ್_ರಾಯಚೂರು: ಅದು ಸಿಂಗಾಪುರ, ಲಂಡನ್, ನ್ಯೂಯಾರ್ಕ್‌ನಲ್ಲಿ ನಡೆಯೋ ಎನ್‌ಡಿಎಫ್ ವ್ಯವಹಾರ. ಅಲ್ಲಿ ರೂಪಾಯಿ ಕೈ ಬದಲಾಗಲ್ಲ, ವ್ಯತ್ಯಾಸವನ್ನು ಡಾಲರ್‌ನಲ್ಲಿ ಚುಕ್ತಾ ಮಾಡ್ತಾರೆ. ಬೆಳಿಗ್ಗೆ 9ಕ್ಕೆ ನಮ್ಮವರು ಅದನ್ನೆಲ್ಲ ನೋಡಿಯೇ ಶುರು ಮಾಡೋದು, ಅದಕ್ಕೆ ದರ ಒಮ್ಮೊಮ್ಮೆ ಎಗರಿಯೇ ತೆರೆಯುತ್ತೆ.

ಗಂಗಾವತಿ_ಅಕ್ಕಿ: ಅದಕ್ಕೇ ನಾನು 3:30ರ ಒಳಗೆ ಮಾರಿ ಮಲಗ್ತೀನಿ.

ಜೀನ್ಸ್_ಬಳ್ಳಾರಿ: ಹೋದ ಸಲ ನಾನೂ ಹಾಗೇ ಮಾಡಿದೆ ಅಣ್ಣಾ, ಬೆಳಿಗ್ಗೆ ನೋಡಿದ್ರೆ ಡಾಲರ್ ಏರಿತ್ತು.